ಒಂಟಿ ಮೇಜಿನ ಫೋಟೊಗೆ ಒಂದು ಸಾಲು

ಅಮೆರಿಕದ ಚಿತ್ರಕಾರ ಎಡ್ವರ್ಡ್ ಹಾಪರ್ 1927ರಲ್ಲಿ ಒಂದು ಚಿತ್ರ ಬರೆದ. ರಾತ್ರಿಯ ಹೊತ್ತು. ಹಸಿರು ಕೋಟು ತೊಟ್ಟು, ಹಳದಿ ಟೋಪಿ ಇಟ್ಟುಕೊಂಡ ಹೆಣ್ಣುಮಗಳೊಬ್ಬಳು ದುಂಡು ಮೇಜಿನ ಮುಂದೆ ಒಬ್ಬಳೇ ಕೂತಿದ್ದಾಳೆ. ಒಂದು ಕೈಗೆ ಗ್ಲೌಸ್ ಇದೆ, ಇನ್ನೊಂದಕ್ಕಿಲ್ಲ. ಕಣ್ಣು ಕಾಫಿ ಕಪ್ಪಿನ ಮೇಲಿದೆ. ಎದುರಿನ ಕುರ್ಚಿ ಖಾಲಿ. ಬೆನ್ನ ಹಿಂದಿನ ಕಪ್ಪು ಕಿಟಕಿಯಲ್ಲಿ ದೀಪಗಳ ಸಾಲು ಪ್ರತಿಫಲಿಸುತ್ತಿದೆ. ಚಿತ್ರಕ್ಕೆ ಹಾಪರ್ ಇಟ್ಟ ಹೆಸರು ‘ಆಟೊಮ್ಯಾಟ್’. ಗಾಜಿನ ಪುಟ್ಟ ಬಾಗಿಲುಗಳ ಹಿಂದೆ ತಿಂಡಿ ಇಟ್ಟು, ನಾಣ್ಯ ಹಾಕಿದವರು ತಾವೇ ತೆಗೆದುಕೊಳ್ಳುವಂತೆ ಮಾಡಿದ ಹೋಟೆಲುಗಳಿಗೆ ಅಲ್ಲಿ ಆಗ ಆಟೊಮ್ಯಾಟ್ ಎನ್ನುತ್ತಿದ್ದರು. ನಮ್ಮಲ್ಲಿ ಯಾರಾದರೂ ಚಿತ್ರ ಬರೆದು ‘ದರ್ಶಿನಿ’ ಎಂದು ಹೆಸರಿಟ್ಟ ಹಾಗೆ. ಆ ಹೆಸರಿನಿಂದ ಜಾಗ ಗೊತ್ತಾಗುತ್ತದೆ. ಅವಳ ಮನಸ್ಸಿನಲ್ಲಿ ಏನಿದೆ ಎಂಬುದು ಗೊತ್ತಾಗುವುದಿಲ್ಲ.

ಸುಮಾರು ಏಳು ದಶಕಗಳ ನಂತರ, 1995ರ ಆಗಸ್ಟ್‌ನಲ್ಲಿ, ‘ಟೈಮ್’ ಪತ್ರಿಕೆ ಇದೇ ಚಿತ್ರವನ್ನು ಮುಖಪುಟಕ್ಕೆ ಬಳಸಿತು. ಆ ಸಂಚಿಕೆಯ ಮುಖ್ಯ ಲೇಖನದ ವಿಷಯ ಒತ್ತಡ ಮತ್ತು ಖಿನ್ನತೆ. ಆ ಮಾತುಗಳು ಪಕ್ಕಕ್ಕೆ ಬಂದಿದ್ದೇ ತಡ, ಕಾಫಿ ಕುಡಿಯುತ್ತಿದ್ದವಳು ನೊಂದವಳಾದಳು. ದಿನದ ಕೆಲಸ ಮುಗಿಸಿ, ರೈಲಿಗೆ ಇನ್ನೂ ಹೊತ್ತಿದೆ ಎಂದು ನೆಮ್ಮದಿಯಾಗಿ ಕೂತವಳೂ ಅವಳಾಗಿರಬಹುದಿತ್ತು. ಚಿತ್ರದಲ್ಲಿ ಅದನ್ನು ಅಲ್ಲಗಳೆಯುವಂಥದ್ದು ಏನೂ ಇಲ್ಲ. ಫ್ರಾನ್ಸಿನ ವಿಮರ್ಶಕ ರೋಲಾಂ ಬಾರ್ತ್ 1964ರ ತನ್ನ ಪ್ರಬಂಧವೊಂದರಲ್ಲಿ ಈ ಸಂಗತಿಯನ್ನೇ ವಿವರಿಸಿದ್ದಾನೆ. ಯಾವ ಚಿತ್ರಕ್ಕೂ ಹಲವು ಅರ್ಥಗಳು ಸಾಧ್ಯ, ಜೊತೆಗಿರುವ ಮಾತು ಅವುಗಳಲ್ಲಿ ಒಂದನ್ನು ಹಿಡಿದು ನಿಲ್ಲಿಸುತ್ತದೆ ಎಂಬುದು ಅವನ ವಾದ.

ಇವತ್ತು ಫೋನಿನಲ್ಲಿ ಎಷ್ಟೋ ಜನ ತೆಗೆಯುವ ಫೋಟೊ ಹಾಪರನ ಚಿತ್ರಕ್ಕೆ ಬಹಳ ಹತ್ತಿರದ್ದು. ಕೆಫೆಯ ಮೂಲೆ ಮೇಜು, ತೆರೆದಿಟ್ಟ ಲ್ಯಾಪ್‌ಟಾಪ್, ಪಕ್ಕದಲ್ಲಿ ಕಪ್ಪು, ಎದುರಿಗೆ ಖಾಲಿ ಕುರ್ಚಿ. ಮನುಷ್ಯರ ಮುಖ ಇಲ್ಲ. ಫೋಟೊ ತೆಗೆದವರಿಗೆ ಹೇಳಬೇಕಾಗಿರುವುದು ಇಷ್ಟೆ: ಕೆಲಸದಲ್ಲಿ ಮುಳುಗಿದ್ದೇನೆ, ಒಬ್ಬಳೇ ಇದ್ದೇನೆ, ಮನಸ್ಸಿಗೆ ಹಿತವಾಗಿದೆ. ಮುಖವಿದ್ದರೆ ಒಂದು ಸಣ್ಣ ನಗು ಅದನ್ನು ಹೇಳಿಬಿಡುತ್ತಿತ್ತು. ಮುಖವಿಲ್ಲದ ಫೋಟೊದಲ್ಲಿ ಆ ಕೆಲಸವೆಲ್ಲ ಕೆಳಗಿನ ಒಂದು ಸಾಲಿನ ಪಾಲಿಗೆ ಬರುತ್ತದೆ. ಆ ಸಾಲು ಕೆಟ್ಟರೆ ಖಾಲಿ ಕುರ್ಚಿಯೇ ಫೋಟೊದ ಕಥೆಯಾಗುತ್ತದೆ. ‘ಏನಾಯ್ತು, ಒಬ್ಬಳೇ ಕೂತಿದ್ದೀಯಲ್ಲ, ಎಲ್ಲ ಸರಿ ಇದೆಯಾ?’ ಎಂದು ಚಿಕ್ಕಮ್ಮನ ಫೋನು ಬರುತ್ತದೆ.

ಚಿಕ್ಕಮ್ಮನದು ತಪ್ಪಲ್ಲ. ನಮ್ಮಲ್ಲಿ ಕಾಫಿ ಎಂದರೆ ಮೊದಲಿನಿಂದಲೂ ಜೊತೆಗೆ ಕುಡಿಯುವಂಥದ್ದು. ಬೈಟು ಹೇಳಬೇಕೆಂದರೇ ಇಬ್ಬರು ಬೇಕು. ದರ್ಶಿನಿಯಲ್ಲಿ ನಿಂತೇ ಕುಡಿದು ಲೋಟ ಇಟ್ಟು ಹೊರಡುವುದು ರೂಢಿ. ಮೇಜು ಹಿಡಿದು ಒಬ್ಬರೇ ಗಂಟೆಗಟ್ಟಲೆ ಕೂರುವುದು ಕರ್ನಾಟಕಕ್ಕೆ ಆಮೇಲೆ ಬಂದ ಅಭ್ಯಾಸ, ಮತ್ತು ಅದು ಬಂದಿದ್ದು ಕಂಪ್ಯೂಟರಿನ ಜೊತೆಗೇ. ಚಿಕ್ಕಮಗಳೂರಿನ ಕಾಫಿ ಬೆಳೆಗಾರರ ಮನೆಯ ವಿ.ಜಿ. ಸಿದ್ಧಾರ್ಥ 1996ರಲ್ಲಿ ಬೆಂಗಳೂರಿನ ಬ್ರಿಗೇಡ್ ರಸ್ತೆಯಲ್ಲಿ ಮೊದಲ ಕೆಫೆ ಕಾಫಿ ಡೇ ತೆರೆದಾಗ ಅದು ಇಂಟರ್‌ನೆಟ್ ಕೆಫೆಯಾಗಿತ್ತು. ಜನ ಕಾಫಿ ಹಿಡಿದು ಪರದೆಯ ಮುಂದೆ ಕೂರುತ್ತಿದ್ದರು. ಇಂದಿನ ಮೂಲೆ ಮೇಜಿನ ಲ್ಯಾಪ್‌ಟಾಪ್ ಅದರ ಮುಂದುವರಿಕೆ. ಆದರೂ ಒಂಟಿಯಾಗಿ ಕಾಫಿ ಕುಡಿಯುವವರನ್ನು ಕಂಡರೆ ಹಿರಿಯರ ಮನಸ್ಸು ಈಗಲೂ ಕಾರಣ ಹುಡುಕುತ್ತದೆ.

ಹಾಗಾದರೆ ಆ ಒಂದು ಸಾಲನ್ನು ಬರೆಯುವುದು ಹೇಗೆ? ಒಂದು ಉದಾಹರಣೆಯನ್ನೇ ಇಟ್ಟುಕೊಂಡು ನೋಡಬಹುದು.

ಮಲೆನಾಡಿನ ಅಡಿಕೆ ತೋಟದ ಮನೆಯಿಂದ ಬಂದು ಬೆಂಗಳೂರಿನಲ್ಲಿ ಕೆಲಸದಲ್ಲಿರುವ ಯುವತಿಯೊಬ್ಬಳು ಎಂದುಕೊಳ್ಳಿ. ಅಜ್ಜ ತೀರಿಕೊಂಡ ಮೇಲೆ ಅವರ ಹಳೆಯ ಡೈರಿಗಳು ಅವಳಿಗೆ ಸಿಕ್ಕಿವೆ. ರಜೆಯ ದಿನ ಮನೆ ಹತ್ತಿರದ ಕೆಫೆಗೆ ಹೋಗಿ ಅವುಗಳನ್ನು ಕಂಪ್ಯೂಟರಿಗೆ ಹತ್ತಿಸುತ್ತಾಳೆ. ಕೂತು ಬಹಳ ಹೊತ್ತಾದ ಮೇಲೆ ತಲೆ ಎತ್ತಿ ಒಂದು ಫೋಟೊ ತೆಗೆದಳು. ಫೋಟೊದಲ್ಲಿ ಕಿಟಕಿಯ ಬೆಳಕು, ಲ್ಯಾಪ್‌ಟಾಪ್, ಅದರ ಪಕ್ಕ ರಟ್ಟು ಸವೆದ ಸಣ್ಣ ಡೈರಿ, ಅರ್ಧ ಕುಡಿದು ಬಿಟ್ಟ ಫಿಲ್ಟರ್ ಕಾಫಿ. ಕಾಫಿಯ ಮೇಲೆ ಕೆನೆ ಕಟ್ಟಿ, ಕಪ್ಪಿನ ಅಂಚಿಗೆ ಕಂದು ಗೆರೆ ಹಿಡಿದಿದೆ. ಎದುರಿನ ಕುರ್ಚಿ ಖಾಲಿ.

ಅವಳಿಗೆ ಮೊದಲು ಹೊಳೆಯುವ ಸಾಲು: ‘ಕೆಫೆಯಲ್ಲಿ ಕೆಲಸ.’

ಇದರಲ್ಲಿ ಸುಳ್ಳಿಲ್ಲ. ಆದರೆ ಇಷ್ಟನ್ನು ಫೋಟೊ ಆಗಲೇ ಹೇಳಿದೆ. ಸುದ್ದಿ ಪತ್ರಿಕೆಯ ಫೋಟೊಗೆ ಇಂಥ ಸಾಲು ಬೇಕಾಗುತ್ತದೆ. ಅಲ್ಲಿ ಯಾರು, ಎಲ್ಲಿ, ಯಾವಾಗ ಎಂದು ಹೇಳಲೇಬೇಕು. ‘ಇತರರು ಚಿತ್ರದಲ್ಲಿದ್ದಾರೆ’ ಎಂಬ ಮಾತು ಕನ್ನಡ ಪತ್ರಿಕೆಗಳಲ್ಲಿ ಅಷ್ಟೊಂದು ಬಾರಿ ಬರುವುದು ಅದಕ್ಕೇ. ವೇದಿಕೆಯ ಮೇಲೆ ನಿಂತವರ ಗುರುತು ಓದುಗರಿಗೆ ಇರುವುದಿಲ್ಲ. ಸ್ನೇಹಿತರ ನಡುವೆ ಹಂಚುವ ಫೋಟೊಗೆ ಆ ಅಗತ್ಯ ಇಲ್ಲ. ಯಾರ ಮೇಜು ಎಂದು ಎಲ್ಲರಿಗೂ ಗೊತ್ತಿದೆ, ಕಣ್ಣಿಗೆ ಕಾಣುವುದನ್ನು ಮತ್ತೆ ಬರೆದರೆ ಸಾಲು ವ್ಯರ್ಥವಾಗುತ್ತದೆ.

ಅಳಿಸಿ ಎರಡನೆಯದು ಬರೆಯುತ್ತಾಳೆ: ‘ಮೌನವೇ ಸಂಗೀತ, ಏಕಾಂತವೇ ಆನಂದ.’

ಓದಲು ಚೆನ್ನಾಗಿದೆ. ಇದನ್ನೇ ಕುದುರೆಮುಖದ ಬೆಟ್ಟದ ಫೋಟೊ ಕೆಳಗೆ ಹಾಕಿದರೂ ಹೊಂದುತ್ತದೆ. ಮುರುಡೇಶ್ವರದ ಸಮುದ್ರಕ್ಕೂ ಹೊಂದುತ್ತದೆ, ಬೆಳಗಿನ ಪಾರ್ಕಿಗೂ ಹೊಂದುತ್ತದೆ. ಎಲ್ಲಿಗೂ ಹೊಂದುವ ಸಾಲಿನಿಂದ ಈ ಮೇಜಿನ ಬಗ್ಗೆ ಏನೂ ಗೊತ್ತಾಗುವುದಿಲ್ಲ. ಡೈರಿ, ಕೆನೆ ಕಟ್ಟಿದ ಕಾಫಿ, ಅವಳು ಕಳೆದ ಬೆಳಗು, ಇವುಗಳಲ್ಲಿ ಒಂದೂ ಅಲ್ಲಿಲ್ಲ. ಜೊತೆಗೆ ಕೆಫೆಯಲ್ಲಿ ಮೌನವೂ ಇರುವುದಿಲ್ಲ. ಮಿಕ್ಸಿ ತಿರುಗುತ್ತಿರುತ್ತದೆ, ಪಕ್ಕದ ಮೇಜಿನಲ್ಲಿ ಮದುವೆ ಛತ್ರದ ಬಾಡಿಗೆಯ ಚರ್ಚೆ ನಡೆದಿರುತ್ತದೆ. ಕೆಫೆಗೆ ಕೆಲಸ ಹೊತ್ತು ಬರುವವರಲ್ಲಿ ಎಷ್ಟೋ ಜನರಿಗೆ ಬೇಕಿರುವುದೂ ಆ ಗುಜುಗುಜು ಸದ್ದೇ.

ಮೂರನೆಯ ಪ್ರಯತ್ನ: ‘ಯಾರೂ ಬೇಕಿಲ್ಲ, ನನಗೆ ನಾನೇ ಸಾಕು.’

ಇಂಥ ಫೋಟೊಗಳ ಕೆಳಗೆ ಬಹಳ ಕಾಣಸಿಗುವ, ಬಹಳ ಎಡವಟ್ಟು ಮಾಡುವ ಸಾಲು ಇದು. ಯಾರೂ ಬೇಡ ಎಂದ ಕೂಡಲೇ ಓದುವವರ ಮನಸ್ಸಿನಲ್ಲಿ ಯಾರೋ ಬಂದು ನಿಲ್ಲುತ್ತಾರೆ. ಯಾರನ್ನು ಬೇಡ ಎಂದಳು, ಯಾಕೆ ಎಂದಳು ಎಂಬ ಪ್ರಶ್ನೆ ಹುಟ್ಟುತ್ತದೆ. ನೆಮ್ಮದಿಯಾಗಿರುವವರು ತಮಗೆ ಏನು ಬೇಡ ಎಂದು ಪಟ್ಟಿ ಕೊಡುವುದಿಲ್ಲ. ಈ ಸಾಲಿನಿಂದ ಓದುಗರ ಕಣ್ಣು ಲ್ಯಾಪ್‌ಟಾಪ್ ಬಿಟ್ಟು ಖಾಲಿ ಕುರ್ಚಿಗೆ ಹೋಗುತ್ತದೆ. ‘ಒಬ್ಬಳೇ ಇದ್ದರೂ ಖುಷಿಯಾಗಿದ್ದೇನೆ’ ಎಂದು ಬರೆದರೂ ಇದೇ ಗತಿ. ಆ ‘ಇದ್ದರೂ’ ಒಬ್ಬಳೇ ಇರುವುದನ್ನು ಕೊರತೆ ಎಂದು ತಾನಾಗಿ ಒಪ್ಪಿಕೊಂಡಂತಾಗುತ್ತದೆ.

ಮೂರೂ ಸಾಲುಗಳಲ್ಲಿ ತಪ್ಪಿದ್ದು ಎಲ್ಲಿ ಎಂದು ತಿಳಿಯಲು ಮನಃಶಾಸ್ತ್ರಜ್ಞರೊಬ್ಬರ ಕೆಲಸ ನೆರವಾಗುತ್ತದೆ. ಹಂಗೇರಿ ಮೂಲದ ಮಿಹಾಯ್ ಚಿಕ್‌ಸೆಂಟ್‌ಮಿಹಾಯ್ ಅಮೆರಿಕದಲ್ಲಿದ್ದುಕೊಂಡು, ಮನುಷ್ಯರು ಕೆಲಸದಲ್ಲಿ ಪೂರ್ತಿ ಮುಳುಗಿದಾಗ ಏನಾಗುತ್ತದೆ ಎಂದು ದಶಕಗಳ ಕಾಲ ಅಧ್ಯಯನ ಮಾಡಿದರು. ಬಂಡೆ ಹತ್ತುವವರು, ಚೆಸ್ ಆಟಗಾರರು, ಶಸ್ತ್ರಚಿಕಿತ್ಸಕರು, ಚಿತ್ರಕಾರರು, ಎಲ್ಲರನ್ನೂ ಮಾತಾಡಿಸಿದರು. ಜನರ ಕೈಗೆ ಪೇಜರ್ ಕೊಟ್ಟು, ಯಾವುದೋ ಹೊತ್ತಿನಲ್ಲಿ ಅದು ಸದ್ದು ಮಾಡಿದಾಗ ಆ ಕ್ಷಣ ಏನು ಮಾಡುತ್ತಿದ್ದಿರಿ, ಹೇಗನಿಸುತ್ತಿತ್ತು ಎಂದು ಬರೆಸಿಕೊಂಡರು. 1990ರಲ್ಲಿ ಬಂದ ‘ಫ್ಲೋ’ ಪುಸ್ತಕದಲ್ಲಿ ಅವರು ವಿವರಿಸುವ ಸ್ಥಿತಿಯ ಲಕ್ಷಣಗಳಲ್ಲಿ ಎರಡು ನಮ್ಮ ಮೇಜಿಗೆ ನೇರವಾಗಿ ಸಂಬಂಧಿಸಿದವು. ಒಂದು, ಹೊತ್ತು ಹೋಗಿದ್ದು ಗೊತ್ತಾಗುವುದಿಲ್ಲ. ಎರಡು, ತನ್ನ ಬಗೆಗಿನ ಯೋಚನೆ ಹಿಂದಕ್ಕೆ ಸರಿಯುತ್ತದೆ. ಮುಳುಗಿರುವಾಗ ‘ನಾನು ಸುಖವಾಗಿದ್ದೇನೆ’ ಎಂದು ಯಾರಿಗೂ ಅನಿಸುವುದಿಲ್ಲ, ಅಷ್ಟು ಪುರುಸೊತ್ತೇ ಇರುವುದಿಲ್ಲ. ಹೊರಗೆ ಬಂದು ಹಿಂದಿರುಗಿ ನೋಡಿದಾಗ ಸುಖ ಅನಿಸುತ್ತದೆ.

ಇದರಿಂದ ಬರಹಕ್ಕೆ ಎರಡು ಉಪಯೋಗಗಳಿವೆ. ಮೊದಲನೆಯದಾಗಿ, ಮಗ್ನತೆಯನ್ನು ಹೇಳಲು ಆನಂದ, ನೆಮ್ಮದಿ, ತೃಪ್ತಿ ಎಂಬ ಮಾತುಗಳೇ ಬೇಡ. ಕಳೆದುಹೋದ ಹೊತ್ತಿನ ಗುರುತು ಒಂದು ಸಿಕ್ಕರೆ ಸಾಕು. ಅದು ಮೇಜಿನ ಮೇಲೆಯೇ ಇದೆ, ಕೆನೆ ಕಟ್ಟಿದ ಕಾಫಿ. ಬಿಸಿ ಕಾಫಿ ಬೇಕೆಂದು ದುಡ್ಡು ಕೊಟ್ಟು ತರಿಸಿಕೊಂಡವಳು ಅದನ್ನು ಮರೆತಿದ್ದಾಳೆ ಎಂದರೆ ಕೈಯಲ್ಲಿದ್ದ ಕೆಲಸ ಅಷ್ಟು ಹಿಡಿದಿತ್ತು ಎಂದು ಯಾರಿಗೂ ಬಿಡಿಸಿ ಹೇಳಬೇಕಿಲ್ಲ. ಎರಡನೆಯದಾಗಿ, ಫೋಟೊ ತೆಗೆದ ಕ್ಷಣ ಮುಳುಗಿದ್ದ ಕ್ಷಣ ಅಲ್ಲ. ಕೈಯಲ್ಲಿ ಫೋನು ಹಿಡಿದು ಕೋನ ನೋಡುತ್ತಿರುವವಳು ಆಗಲೇ ಕೆಲಸದಿಂದ ಹೊರಗೆ ಬಂದಿದ್ದಾಳೆ. ಆದ್ದರಿಂದ ‘ಕೆಲಸದಲ್ಲಿ ಮುಳುಗಿಹೋಗಿದ್ದೇನೆ’ ಎಂಬ ವರ್ತಮಾನದ ಸಾಲು ಫೋಟೊದ ಜೊತೆ ಹೊಂದುವುದಿಲ್ಲ. ಆಗಷ್ಟೇ ತಲೆ ಎತ್ತಿದವರ ಮಾತು ಹೊಂದುತ್ತದೆ.

ಹೀಗೆ ನಾಲ್ಕನೆಯ ಸಾಲು ಬರುತ್ತದೆ: ‘ಕೆಲಸ ಮಾಡ್ತಾ ಕೂತಿದ್ದೆ. ಕಾಫಿ ಆರಿದ್ದು ಈಗ ಗೊತ್ತಾಯ್ತು.’

ಇಲ್ಲಿ ಸಾಲಿಗೆ ಜೀವ ಬಂದಿದೆ. ‘ಈಗ’ ಎಂಬ ಮಾತು ಸರಿಯಾದ ಕ್ಷಣವನ್ನು ಹಿಡಿಯುತ್ತದೆ. ‘ಗೊತ್ತಾಯ್ತು’ ಎಂದಿದ್ದರಿಂದ ಆಡಿದ ಹಾಗಿದೆ. ‘ತಣ್ಣಗಾದುದು ಅರಿವಿಗೆ ಬಂದಿತು’ ಎಂದು ಗ್ರಂಥದ ಭಾಷೆಗೆ ಹೋಗಿದ್ದರೆ ಇಷ್ಟು ಹತ್ತಿರವಾಗುತ್ತಿರಲಿಲ್ಲ. ‘ನಾನು’ ಎಲ್ಲೂ ಇಲ್ಲ, ಕನ್ನಡದ ಕ್ರಿಯಾಪದವೇ ಅದನ್ನು ಹೇಳಿಬಿಡುತ್ತದೆ. ತನ್ನನ್ನು ತಾನು ಮರೆತ ಹೊತ್ತಿನ ಫೋಟೊಗೆ ಇದು ಚೆನ್ನಾಗಿ ಒದಗುತ್ತದೆ. ಆದರೆ ಇನ್ನೂ ಒಂದು ಕೊರತೆ ಇದೆ. ‘ಕೆಲಸ’ ಎಂದರೆ ಯಾವ ಕೆಲಸ? ಎಕ್ಸೆಲ್ ಹಾಳೆ ತುಂಬುವವರ ಕಾಫಿಯೂ ಆರುತ್ತದೆ, ಪರೀಕ್ಷೆಗೆ ಓದುವವರ ಕಾಫಿಯೂ ಆರುತ್ತದೆ. ಈ ಮೇಜಿನ ವಿಶೇಷ ಅದರ ಮೇಲಿನ ಡೈರಿ. ಅದರೊಳಗೆ ಏನಿದೆ ಎಂದು ಫೋಟೊ ನೋಡಿದವರಿಗೆ ಗೊತ್ತಾಗುವಂತಿಲ್ಲ, ಅದನ್ನು ಹೇಳಬಲ್ಲವಳು ಅವಳೊಬ್ಬಳೇ.

ಅವಳು ಡೈರಿಯನ್ನು ಮತ್ತೆ ತೆರೆಯುತ್ತಾಳೆ. ಆ ದಿನ ಟೈಪ್ ಮಾಡಿದ ಕೊನೆಯ ಪುಟ 1974ರ ಜೂನ್ ತಿಂಗಳಿನದು. ಮಳೆ ಜೋರಾಗುವ ಮುಂಚೆ ಅಡಿಕೆ ಗೊನೆಗಳಿಗೆ ಕೊಳೆ ಔಷಧಿ ಹೊಡೆಸಿದ ಲೆಕ್ಕ ಅಲ್ಲಿದೆ. ಮೈಲುತುತ್ತ, ಸುಣ್ಣ, ಆಳುಗಳ ಕೂಲಿ. ಅವಳ ಕೊನೆಯ ಸಾಲು ಇದು:

‘ಅಜ್ಜನ ಡೈರಿಯಲ್ಲಿ ಜೂನ್ ಬಂತು. ಇವತ್ತು ತೋಟಕ್ಕೆ ಕೊಳೆ ಔಷಧಿ ಹೊಡೆಸಿದ್ದಾರೆ, 1974ರಲ್ಲಿ. ನನ್ನ ಕಾಫಿ ಯಾವಾಗ ಆರಿತೋ.’

ಹದಿನಾಲ್ಕು ಪದಗಳು. ಖುಷಿ ಎಂಬ ಮಾತಿಲ್ಲ, ಒಂಟಿ ಎಂಬ ಮಾತೂ ಇಲ್ಲ. ‘ಇವತ್ತು’ ಮತ್ತು ‘1974’ ಒಂದೇ ವಾಕ್ಯದಲ್ಲಿ ಬಂದಿದ್ದರಿಂದ ಅವಳು ಎಲ್ಲಿ ಮುಳುಗಿದ್ದಳು ಎಂಬುದು ತಿಳಿಯುತ್ತದೆ. ಖಾಲಿ ಕುರ್ಚಿಯ ಕಡೆ ಯಾರ ಗಮನವೂ ಹೋಗುವುದಿಲ್ಲ, ಏಕೆಂದರೆ ಮೇಜಿನಲ್ಲಿ ಅವಳ ಜೊತೆ ಅಜ್ಜ ಇದ್ದಾರೆ. ಚಿಕ್ಕಮ್ಮ ಈಗಲೂ ಫೋನು ಮಾಡಬಹುದು, ಆದರೆ ಈ ಸಲ ಕೇಳುವುದು ಡೈರಿಯ ಬಗ್ಗೆ.

ಸಾಲು ಸಿದ್ಧವಾದ ಮೇಲೆ ಅದನ್ನು ಹಾಕುವ ಜಾಗದ ಕೆಲವು ಸಂಗತಿಗಳನ್ನೂ ನೋಡಿಕೊಳ್ಳಬೇಕು. ಇನ್‌ಸ್ಟಾಗ್ರಾಮ್ ಒಂದು ಕ್ಯಾಪ್ಷನ್‌ಗೆ 2,200 ಅಕ್ಷರಚಿಹ್ನೆಗಳವರೆಗೆ ಜಾಗ ಕೊಡುತ್ತದೆ. ಆದರೆ ಸಾಲಾಗಿ ಫೋಟೊ ನೋಡುತ್ತ ಹೋಗುವವರ ಕಣ್ಣಿಗೆ ಬೀಳುವುದು ಮೊದಲ ಒಂದೆರಡು ಸಾಲು ಮಾತ್ರ, ಮಿಕ್ಕಿದ್ದಕ್ಕೆ ಒತ್ತಿ ನೋಡಬೇಕು. ಹಾಗಾಗಿ ಮುಖ್ಯವಾದದ್ದು ಮೊದಲೇ ಬರಬೇಕು. ‘ಹಾಯ್ ಫ್ರೆಂಡ್ಸ್, ಬಹಳ ದಿನಗಳ ನಂತರ ಒಂದು ಪೋಸ್ಟ್’ ಎಂದು ಶುರು ಮಾಡಿದರೆ ಅಜ್ಜನ ಡೈರಿ ಒಳಗೇ ಉಳಿದುಬಿಡುತ್ತದೆ.

ಇಮೋಜಿಗಳ ವಿಷಯದಲ್ಲಿಯೂ ಎಚ್ಚರ ಬೇಕು. ದೃಷ್ಟಿ ಇಲ್ಲದವರು ಫೋನ್ ಬಳಸುವುದು ಪರದೆ ಓದುವ ತಂತ್ರಾಂಶದಿಂದ. ಆಂಡ್ರಾಯ್ಡ್‌ನಲ್ಲಿ ಟಾಕ್‌ಬ್ಯಾಕ್, ಐಫೋನ್‌ನಲ್ಲಿ ವಾಯ್ಸ್‌ಓವರ್. ಇವು ಪ್ರತಿ ಇಮೋಜಿಯ ಹೆಸರನ್ನೂ ಗಟ್ಟಿಯಾಗಿ ಓದುತ್ತವೆ. ಕಾಫಿ ಕಪ್ಪಿನ ಚಿಹ್ನೆ ಬಂದರೆ ಇಂಗ್ಲಿಷ್ ಸೆಟ್ಟಿಂಗ್ ಇರುವ ಫೋನು ‘ಹಾಟ್ ಬೆವರೇಜ್’ ಎನ್ನುತ್ತದೆ. ಸಾಲಿನ ನಡುನಡುವೆ ಕಪ್ಪು, ಲ್ಯಾಪ್‌ಟಾಪ್, ಹೃದಯ, ಎಲೆ, ನಕ್ಷತ್ರ ತುರುಕಿದರೆ ಕೇಳುವವರಿಗೆ ವಾಕ್ಯ ಎಲ್ಲಿ ತುಂಡಾಯಿತು, ಎಲ್ಲಿ ಕೂಡಿತು ಎಂದೇ ಗೊತ್ತಾಗುವುದಿಲ್ಲ. ಹಾಕಲೇಬೇಕೆಂದರೆ ಕೊನೆಯಲ್ಲಿ ಒಂದು ಸಾಕು. ಈ ಫೋಟೊದಲ್ಲಿ ಕಪ್ಪೂ ಇದೆ, ಲ್ಯಾಪ್‌ಟಾಪೂ ಇದೆ, ಅವುಗಳ ಚಿಹ್ನೆ ಮತ್ತೆ ಬೇಕಾಗುವುದಿಲ್ಲ.

ಇನ್ನೊಂದು ಸಂಗತಿ ಸುರಕ್ಷತೆಯದು. ಒಬ್ಬರೇ ಕೂತಿರುವ ಫೋಟೊ ಜೊತೆಗೆ ಕೆಫೆಯ ಹೆಸರು, ಜಾಗದ ಗುರುತು, ‘ಪ್ರತಿ ಭಾನುವಾರ ಹತ್ತಕ್ಕೆ ನನ್ನ ಇದೇ ಮೇಜು’ ಎಂಬ ಮಾತು ಸೇರಿದರೆ, ಯಾವಾಗ ಎಲ್ಲಿ ಒಬ್ಬರೇ ಸಿಗುತ್ತೀರಿ ಎಂದು ಗುರುತಿಲ್ಲದವರಿಗೂ ತಿಳಿಸಿದಂತಾಯಿತು. ಅಲ್ಲಿಂದ ಎದ್ದು ಮನೆಗೆ ಬಂದ ಮೇಲೆ ಹಾಕಿದರೆ ಫೋಟೊಗೆ ಏನೂ ನಷ್ಟವಿಲ್ಲ. ಹಾಕುವ ಮುಂಚೆ ಲ್ಯಾಪ್‌ಟಾಪ್ ಪರದೆಯನ್ನು ಒಮ್ಮೆ ದೊಡ್ಡದು ಮಾಡಿ ನೋಡಬೇಕು. ಈಗಿನ ಫೋನುಗಳ ಕ್ಯಾಮೆರಾದಲ್ಲಿ ಪರದೆಯ ಮೇಲಿನ ಇಮೇಲ್, ಕಚೇರಿಯ ಕಡತದ ಹೆಸರು, ಗ್ರಾಹಕರ ವಿವರ ಸ್ಪಷ್ಟವಾಗಿ ಓದಲು ಬರುತ್ತವೆ. ಹಿಂದಿನ ಮೇಜಿನವರ ಮುಖ ಬಿದ್ದಿದ್ದರೆ ಅಷ್ಟು ಭಾಗ ಕತ್ತರಿಸುವುದು ಸೌಜನ್ಯ.

ಕ್ಯಾಪ್ಷನ್ ಬಿಟ್ಟು ಇನ್ನೊಂದು ಬರಹವೂ ಈ ಫೋಟೊಗೆ ಬೇಕು, ಅದನ್ನು ಬರೆಯುವವರು ಕಡಿಮೆ. 2018ರಿಂದ ಇನ್‌ಸ್ಟಾಗ್ರಾಮ್ ಪ್ರತಿ ಫೋಟೊಗೂ ‘ಆಲ್ಟ್ ಟೆಕ್ಸ್ಟ್’ ಸೇರಿಸುವ ಅವಕಾಶ ಕೊಟ್ಟಿದೆ. ಅದು ಫೋಟೊದ ಕೆಳಗೆ ಕಾಣುವುದಿಲ್ಲ, ಪರದೆ ಓದುವ ತಂತ್ರಾಂಶ ಬಳಸುವವರಿಗೆ ಮಾತ್ರ ಕೇಳಿಸುತ್ತದೆ. ಕ್ಯಾಪ್ಷನ್‌ನಲ್ಲಿ ಬೇಡ ಎಂದು ಬಿಟ್ಟಿದ್ದೆಲ್ಲ ಇಲ್ಲಿ ಬೇಕು: ‘ಕಿಟಕಿ ಪಕ್ಕದ ಕೆಫೆ ಮೇಜು. ತೆರೆದ ಲ್ಯಾಪ್‌ಟಾಪ್, ಪಕ್ಕದಲ್ಲಿ ರಟ್ಟು ಸವೆದ ಹಳೆಯ ಡೈರಿ, ಕೆನೆ ಕಟ್ಟಿದ ಅರ್ಧ ಕಪ್ಪು ಕಾಫಿ. ಎದುರಿನ ಕುರ್ಚಿ ಖಾಲಿ.’ ಇಷ್ಟು ಬರೆಯದಿದ್ದರೆ ಫೋಟೊ ಕಾಣದವರಿಗೆ ‘ಕಾಫಿ ಯಾವಾಗ ಆರಿತೋ’ ಎಂಬ ಮಾತಿನ ಹಿಂದಿನ ಮೇಜೇ ಸಿಗುವುದಿಲ್ಲ. ಫೋಟೊ ಹಾಕುವ ಪುಟದ ಕೊನೆಯಲ್ಲಿರುವ ಹೆಚ್ಚಿನ ಆಯ್ಕೆಗಳಲ್ಲಿ ಇದಕ್ಕೆ ಜಾಗವಿದೆ, ಕನ್ನಡದಲ್ಲೂ ಬರೆಯಬಹುದು. ಮುಂದಿನ ಸಲ ಒಂಟಿ ಮೇಜಿನ ಫೋಟೊ ಹಾಕುವಾಗ ದಯವಿಟ್ಟು ಆ ಮೂರು ವಾಕ್ಯಗಳನ್ನೂ ಸೇರಿಸಿ.